ಎರಡೂ ಮೆಸೇಜು ಒಂದೇ ಥರ ಇದ್ದವು

ನನ್ನ ಮಗಳ ಮಗಳು ಮಾಲೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಕಾರು, ಬೈಕುಗಳಿಗೆ ಬೇಕಾದ ವೈರುಗಳನ್ನು ಜೋಡಿಸಿ ಕಟ್ಟುವ ಕಾರ್ಖಾನೆ ಅದು. ಇವಳು ವೈರು ಮುಟ್ಟುವುದಿಲ್ಲ. ವೈರು ಕಟ್ಟುವ ಹುಡುಗಿಯರನ್ನು ಹುಡುಕಿ ಕರೆಸಿ ಕೆಲಸಕ್ಕೆ ಸೇರಿಸುವುದು ಇವಳ ಕೆಲಸ. ಒಂಟಿ ಹುಡುಗಿಗೆ ಬಾಡಿಗೆಗೆ ಕೊಡುವುದಿಲ್ಲವೆಂದು ಮನೆ ಮಾಲೀಕ ಕ್ಯಾತೆ ತೆಗೆದದ್ದರಿಂದ ಶ್ರೀನಿವಾಸಪುರದಿಂದ ನನ್ನನ್ನು ಕರೆದುಕೊಂಡು ಬಂದು ಇಟ್ಟುಕೊಂಡಿದ್ದಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದುತ್ತೇನೆ, ಬರೆಯುತ್ತೇನೆ, ಜಗಳಕ್ಕೆ ತೆಲುಗೂ ಬರುತ್ತದೆ.

ಆ ಸಲ ಹೊಸ ಬ್ಯಾಚಿಗೆ ಮೂವತ್ತು ಹುಡುಗಿಯರು ಬೇಕಿತ್ತು. ಮುಳಬಾಗಿಲಿನ ಕಾಲೇಜೊಂದರಲ್ಲಿ ಇವಳ ಕಾರ್ಖಾನೆಯವರು ಫಾರಂ ಹಂಚಿ ನೂರಾರು ಹುಡುಗಿಯರ ಹೆಸರು, ನಂಬರು ಬರೆಸಿಕೊಂಡು ಬಂದಿದ್ದರು. ಅಷ್ಟೂ ಜನಕ್ಕೆ ಮೆಸೇಜು ಕಳಿಸಿದ ಮೇಲೆ ಸಂದರ್ಶನಕ್ಕೆ ಬಂದವರು ಮೂರು ಜನ. ತಿಂಗಳ ಕೊನೆಯೊಳಗೆ ಬ್ಯಾಚು ತುಂಬದಿದ್ದರೆ ಆಳು ತರುವುದನ್ನು ಒಬ್ಬ ಗುತ್ತಿಗೆದಾರನಿಗೆ ವಹಿಸುತ್ತೇವೆ, ನೀನು ಮನೆಗೆ ಹೋಗಬಹುದು ಎಂದು ಇವಳ ಮ್ಯಾನೇಜರು ಹೇಳಿದ್ದ. ಸೇರಿ ನಾಲ್ಕು ತಿಂಗಳು, ಇನ್ನೂ ಕೆಲಸ ಕಾಯಂ ಆಗಿರಲಿಲ್ಲ. ಆ ಚಿಂತೆಗೆ ಇವಳು ಊಟ ಬಿಟ್ಟಿದ್ದಳು.

ಒಂದು ಭಾನುವಾರ ಬೆಳಿಗ್ಗೆ ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಇವಳ ಫೋನು ಹೊಡೆದುಕೊಂಡಿತು. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು, ಜಿಡ್ಡಿನ ಕೈಯಲ್ಲೇ ಒತ್ತಿ ಸ್ಪೀಕರಿಗೆ ಹಾಕಿದಳು. ಆ ಕಡೆ ಒಬ್ಬ ಗಂಡಸು.

"ಯಾರಮ್ಮ ನೀನು? ನನಗೆ 'ಹಾಯ್ ಡಿಯರ್' ಅಂತ ಕಳಿಸಿದೀಯಲ್ಲ, ಮೂರು ಮಕ್ಕಳ ತಂದೆ ಕಣಮ್ಮ ನಾನು. ನನ್ನ ಹೆಂಡ್ತಿ ಅದನ್ನ ನೋಡಿ ನಿನ್ನೆಯಿಂದ ನನಗೆ ಅನ್ನ ಹಾಕಿಲ್ಲ."

ನನಗೆ ನಗು ಬಂತು. ಇವಳಿಗೆ ಅಳು ಬಂತು. ಹುಡುಗಿಯರು ಫಾರಮ್ಮಿನಲ್ಲಿ ಬರೆದದ್ದು ಅಪ್ಪನ ನಂಬರು, ಅಣ್ಣನ ನಂಬರು. ನಮ್ಮ ಕಡೆ ಹಳ್ಳಿಗಳಲ್ಲಿ ಹೆಣ್ಣು ಮಗಳ ನಂಬರನ್ನು ಕಂಡವರ ಕಾಗದದಲ್ಲಿ ಯಾರು ಬರೆಯುತ್ತಾರೆ? ಶ್ರೀನಿವಾಸಪುರದಲ್ಲಿ ಹುಟ್ಟಿ ಬೆಳೆದ ಇವಳಿಗೆ ಅದು ಹೊಳೆಯಲಿಲ್ಲ, ನೂರಾರು ಅಪ್ಪಂದಿರಿಗೆ ಹಾಯ್ ಡಿಯರ್ ಎಂದು ಕಳಿಸಿದ್ದಳು.

ಆ ಮನುಷ್ಯ ನಗಲಿಲ್ಲ. ಕಳ್ಳಿ, ನಾಚಿಕೆಗೆಟ್ಟವಳು ಎಂದೆಲ್ಲ ಶುರು ಮಾಡಿದ. ನಾನು ಫೋನು ಕಿತ್ತುಕೊಂಡೆ.

"ಏಯ್, ಬಾಯಿ ಬಿಗಿ ಹಿಡಿ. ಅವಳ ಅಜ್ಜಿ ನಾನು. ನನ್ನ ಮೊಮ್ಮಗಳು ಕಳ್ಳಿ ಅಂತ ನಿನಗೆ ಬಂದು ಹೇಳಿದೋರು ಯಾರು?"

"ಯಾರೂ ಹೇಳ್ಬೇಕಾಗಿಲ್ಲಮ್ಮ. ಹೋದ ವರ್ಷ ಇದೇ ಕಾರ್ಖಾನೆ ಹೆಸರಲ್ಲಿ ಇದೇ ಥರ ಬಂತು. ಯೂನಿಫಾರ್ಮಿಗೆ, ಟ್ರೈನಿಂಗಿಗೆ ಅಂತ ದುಡ್ಡು ಕಟ್ಟಿಸ್ಕೊಂಡು ಕೆಲಸದ ಲೆಟರ್ ಕಳಿಸಿದ್ರು. ನನ್ನ ಮಗಳು ಬಟ್ಟೆ ಬ್ಯಾಗು ತಗೊಂಡು ನಮ್ಮೂರು ಆವನಿ ಕಡೆಯಿಂದ ಎರಡು ಬಸ್ಸು ಹತ್ತಿ ನಿಮ್ಮ ಗೇಟಿಗೆ ಬಂದ್ಲು. ವಾಚ್‌ಮನ್ನು ಲೆಟರ್ ನೋಡಿ ನಕ್ಕನಂತೆ. ಅವತ್ತಿನಿಂದ ನನ್ನ ಮಗಳು ಕಾಲೇಜಿಗೆ ಬಿಟ್ರೆ ಮನೆಯಿಂದ ಆಚೆ ಬರ್ತಿಲ್ಲ. ನಂಬಲ್ವಾ? ಆ ಮೆಸೇಜು ಇನ್ನೂ ಇಟ್ಕೊಂಡಿದೀನಿ, ಕಳಿಸ್ತೀನಿ, ಓದ್ಕೊ."

ಕಳಿಸಿದ. ನಾನು ಕನ್ನಡಕ ಹಾಕಿಕೊಂಡು ಅದನ್ನು ಓದಿದೆ, ಆಮೇಲೆ ಇವಳದನ್ನು ಓದಿದೆ. ಅದರಲ್ಲಿ 'ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ', ಇದರಲ್ಲೂ ಅದೇ. 'ಕೆಲವೇ ಸೀಟುಗಳಿವೆ, ಇಂದೇ ಸಂಪರ್ಕಿಸಿ', ಇದರಲ್ಲೂ ಅದೇ. ಆಧಾರು, ಪಾಸ್‌ಬುಕ್ಕಿನ ಫೋಟೋ ಕಳಿಸಿ, ಕೆಳಗಿನ ಲಿಂಕು ಒತ್ತಿ, ನೂರಕ್ಕೆ ನೂರು ಅಸಲಿ, ಮೋಸವಿಲ್ಲ. ಎರಡರಲ್ಲೂ ಬೆಂಕಿಯ ಚಿತ್ರ, ಕೈ ಮುಗಿಯುವ ಚಿತ್ರ. ಕಳ್ಳನದರಲ್ಲಿ ಕಾಗುಣಿತ ಮಾತ್ರ ಸರಿಯಾಗಿತ್ತು.

ಮೈ ಉರಿದು ಹೋಯಿತು.

"ಏನೇ ಇದು? ಅವನ ಮಗಳ ಮುಖ ನೋಡಿದೀಯಾ ನೀನು?"

"ಇಲ್ಲ ಅಜ್ಜಿ."

"ಮುಖಾನೇ ನೋಡ್ದೆ ಆಯ್ಕೆ ಹೆಂಗೆ ಮಾಡ್ದೆ?"

"ಸಾರ್ ಕೊಟ್ಟಿರೋ ಮ್ಯಾಟರು. ಹಂಗೆ ಹಾಕಿದ್ರೆ ಜನ ಬೇಗ ಬರ್ತಾರೆ ಅಂದ್ರು."

"ಬಂದ್ರಾ? ಸುಳ್ಳು ಹೇಳಿ ಕರೆದ್ರೆ ಸುಳ್ಳಿಗೇ ಹೆದರಿ ಓಡ್ತಾರೆ. ಪಾಸ್‌ಬುಕ್ಕು ಯಾಕೆ ನಿನಗೆ ಈಗಲೇ?"

"ಸೇರಿದ ಮೇಲೆ ಸಂಬಳ ಹಾಕೋಕೆ ಬೇಕು."

"ಸೇರಿದ ಮೇಲೆ ಕೇಳು ಮತ್ತೆ."

ಅವತ್ತು ಅವರೆಕಾಯಿ ಹಾಗೇ ಉಳಿಯಿತು. ಇವಳ ಕೈಗೆ ಪೆನ್ನು ಕೊಟ್ಟು ಕೂರಿಸಿದೆ. ಕಳ್ಳ ಬರೆಯಲಾರದ್ದು ಏನಿದೆ ಹೇಳು ಎಂದೆ. ಹಣ ಕೇಳುವುದಿಲ್ಲ ಎಂದು ಬರೆಯೋಣ ಎಂದಳು. ಕಳ್ಳನೂ ಆ ಮೆಸೇಜಿನಲ್ಲಿ ಹಾಗೇ ಬರೆದು ಹಣ ಆಮೇಲೆ ಕೇಳಿದ್ದ, ತೋರಿಸಿದೆ. ಹಣದ ಮಾತು ಇರಲಿ, ಅದೊಂದೇ ಸಾಲದು. ಕಂಪನಿಯ ಮುದ್ರೆ ಹಾಕೋಣ ಎಂದಳು. ಕಳ್ಳನೂ ಹಾಕಿದ್ದ, ಇವರದಕ್ಕಿಂತ ದೊಡ್ಡದು.

"ನಂಬಿ ನಂಬಿ ಅಂತ ಬರೀಬೇಡ. ಹೋಗಿ ವಿಚಾರಿಸಿ ಅಂತ ಬರಿ. ಯಾರನ್ನ ವಿಚಾರಿಸಬೇಕು ಅಂತಾನೂ ಬರಿ. ನಿನ್ನ ನಂಬರಿಗೇ ಫೋನ್ ಮಾಡಿ ನಿನ್ನನ್ನೇ ಕೇಳಿದ್ರೆ ಏನು ಬಂತು? ಕಳ್ಳನೂ ಹೌದು ಅಂತಾನೆ."

ಒಂದೊಂದಾಗಿ ಬರೆದಳು. ನಿಮ್ಮ ಮನೆಯ ಹುಡುಗಿ ಕಾಲೇಜಿನಲ್ಲಿ ತುಂಬಿದ ಫಾರಮ್ಮಿನಿಂದ ಈ ನಂಬರು ಸಿಕ್ಕಿದೆ. ಇದು ಅವಳ ತಂದೆಯದೋ ಅಣ್ಣನದೋ ಆಗಿದ್ದರೆ ದಯವಿಟ್ಟು ಅವಳಿಗೆ ತಿಳಿಸಿ. ಇದು ಸಂದರ್ಶನಕ್ಕೆ ಕರೆ ಅಷ್ಟೇ, ಇನ್ನೂ ಆಯ್ಕೆ ಆಗಿಲ್ಲ. ಆಮೇಲೆ ಇವಳ ಪೂರ್ತಿ ಹೆಸರು, ಹುದ್ದೆ, ಕಾರ್ಖಾನೆಯ ವಿಳಾಸ. ಕೈಗೆ ಬರುವ ಸಂಬಳ ಎಷ್ಟು, ಹಿಡಿಯುವುದು ಎಷ್ಟು. ನನ್ನ ಹಟಕ್ಕೆ ಕಷ್ಟವನ್ನೂ ಬರೆಸಿದೆ: ಎಂಟು ಗಂಟೆ ನಿಂತೇ ಕೆಲಸ, ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಕಳ್ಳ ಕಾಲು ನೋವಿನ ಮಾತು ಬರೆಯುವುದಿಲ್ಲ.

ಕೊನೆಯ ಸಾಲುಗಳಿಗೆ ಬಹಳ ಹೊತ್ತು ಹಿಡಿಯಿತು. ಅರ್ಜಿಗೆ, ತರಬೇತಿಗೆ, ಯೂನಿಫಾರ್ಮಿಗೆ ಯಾವ ಹಂತದಲ್ಲೂ ಹಣ ಕೇಳುವುದಿಲ್ಲ. ಆಧಾರು, ಬ್ಯಾಂಕು, ಓಟಿಪಿ ಯಾವುದನ್ನೂ ಫೋನಿನಲ್ಲಿ ಕೇಳುವುದಿಲ್ಲ. ಒತ್ತಬೇಕಾದ ಲಿಂಕು ಇಲ್ಲ. ಈ ಮೆಸೇಜನ್ನೇ ನಂಬಬೇಡಿ. ಕಾಲೇಜಿನಲ್ಲಿ ಕೆಲಸ ಕೊಡಿಸುವ ವಿಷಯ ನೋಡಿಕೊಳ್ಳುವ ಮೇಷ್ಟರನ್ನು ಕೇಳಿ, ಅಥವಾ ಕಾರ್ಖಾನೆಯ ನಂಬರನ್ನು ನೀವೇ ಹುಡುಕಿ ಫೋನು ಮಾಡಿ ನನ್ನ ಹೆಸರು ಹೇಳಿ ವಿಚಾರಿಸಿ. ಅವಸರವಿಲ್ಲ, ಮುಂದಿನ ವಾರ ಬುಧವಾರ, ಗುರುವಾರ ಎರಡೂ ದಿನ ಸಂದರ್ಶನ ಇದೆ. ಮನೆಯವರು ಜೊತೆಗೆ ಬರಬಹುದು.

ಸೋಮವಾರ ಸಂಜೆ ಮುಖ ಊದಿಸಿಕೊಂಡು ಬಂದಳು. ಮ್ಯಾನೇಜರು ಓದಿ ನಕ್ಕನಂತೆ. ಇದೇನು ಪೊಲೀಸ್ ಸ್ಟೇಷನ್ನಿನ ನೋಟೀಸಾ, ನಿಂತು ಕೆಲಸ ಅಂದ್ರೆ ಯಾರು ಬರ್ತಾರೆ, 'ನಂಬಬೇಡಿ' ಅಂತ ನಾವೇ ಬರೆದುಕೊಳ್ಳೋದಾ ಎಂದನಂತೆ.

"ನೀನೇನಂದೆ?"

"ಸುಮ್ನೆ ಇದ್ದೆ."

"ಸುಮ್ನಿರೋಕೆ ಸಂಬಳಾನಾ ನಿಂಗೆ? ಅವನ ಮೆಸೇಜಿಗೆ ಮೂರು ಜನ ಬಂದ್ರು. ನಾಳೆ ಹೋಗಿ ಅದನ್ನ ಕೇಳು."

ಕೇಳಿದಳು. ಒಂದು ಸಲ ಕಳಿಸಿ ನೋಡು, ಕೆಟ್ಟರೆ ನಿನ್ನ ತಲೆಗೆ ಎಂದನಂತೆ. ಇವಳ ಸ್ವಂತ ನಂಬರಿನಲ್ಲಿ ಕಂಪನಿಯ ಹೆಸರಿಲ್ಲ, ದೇವಿಯ ಫೋಟೋ ಇತ್ತು. ಅದು ಬೇಡ ಎಂದು ಆಫೀಸಿನ ಫೋನಿನಿಂದ ಕಳಿಸಿದಳು.

ಗುರುವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದಳು. ಆ ಅಪ್ಪನದೇ ಫೋನು, ಇವಳ ಸ್ವಂತ ನಂಬರಿಗೆ.

"ಸಿಕ್ಕಿಬಿದ್ದೆಯಲ್ಲಮ್ಮಾ. ನೀನು ಹೇಳಿದ ಹಂಗೇ ಮಾಡಿದೆ. ನನ್ನ ಮಗಳು ಕಾರ್ಖಾನೆ ನಂಬರ್ ಹುಡುಕಿದ್ಲು, ನಾನೇ ಮಾಡಿದೆ. ಆ ಹೆಸರಿನೋರು ಯಾರೂ ಇಲ್ಲಿಲ್ಲ ಅಂದ್ರು. ಎಂತ ಮೋಸಮಮ್ಮಾ ಇದಿ!"

ಎಂಥ ಮೋಸ ಇದು ಎಂದು ತೆಲುಗಿನಲ್ಲಿ ಬೈದು ಫೋನು ಇಟ್ಟ. ಇವಳು ತಟ್ಟೆ ಸರಿಸಿ ಅಳತೊಡಗಿದಳು. ನಾಲ್ಕು ತಿಂಗಳಾದರೂ ಇವಳ ಹೆಸರನ್ನು ರಿಸೆಪ್ಷನ್ನಿನ ಪಟ್ಟಿಗೆ ಯಾರೂ ಸೇರಿಸಿರಲಿಲ್ಲ. ಸಂದರ್ಶನ ನಡೆಯುವ ಸುದ್ದಿ ಗೇಟಿನವನಿಗೂ ಗೊತ್ತಿರಲಿಲ್ಲ. ವಿಚಾರಿಸಿ ಎಂದು ಊರಿಗೆಲ್ಲ ಸಾರಿ, ಉತ್ತರ ಕೊಡುವವರಿಗೆ ಹೇಳದೆ ಬಂದಿದ್ದಳು! ನನಗೂ ಅದು ಹೊಳೆದಿರಲಿಲ್ಲ. ಆ ಸಿಟ್ಟನ್ನೂ ಅವಳ ಮೇಲೇ ತೀರಿಸಿಕೊಂಡೆ.

"ಏಳೇ. ಅಳೋದು ಆಮೇಲೆ ಅಳು. ಎಷ್ಟು ಜನ ಹಂಗೇ ಫೋನ್ ಮಾಡಿ ಬೈದು ಬಿಟ್ಟಿದಾರೋ. ಫೋನ್ ಎತ್ತೋ ಹುಡುಗಿ ಹತ್ರ ಹೋಗು, ಗೇಟಿನವನ ಹತ್ರ ಹೋಗು, ಕಾಲೇಜಿನ ಮೇಷ್ಟರಿಗೂ ಹೇಳು. ಯಾರು ಕೇಳಿದ್ರೂ ಒಂದೇ ಮಾತು ಬರಬೇಕು."

ಅರ್ಧ ಊಟಕ್ಕೆ ಎದ್ದು ಹೋದಳು. ರಿಸೆಪ್ಷನ್ನಿನಲ್ಲಿ ತನ್ನ ಹೆಸರು, ಸಂದರ್ಶನದ ದಿನ, ಹಣ ಕೇಳುವುದಿಲ್ಲ ಎಂಬ ಮಾತು ಬರೆದು ಅಂಟಿಸಿದಳು. ಕರೆದವರ ಹೆಸರಿನ ಪಟ್ಟಿಯನ್ನು ಗೇಟಿನಲ್ಲಿ ಕೊಟ್ಟಳು. ಆಮೇಲೆ ಎಲ್ಲರಿಗೂ ಇನ್ನೊಂದು ಮೆಸೇಜು: ಇದುವರೆಗೆ ಫೋನು ಮಾಡಿದವರಿಗೆ ನಮ್ಮಲ್ಲಿ ತಪ್ಪು ಉತ್ತರ ಹೋಗಿದೆ, ತಪ್ಪು ನಮ್ಮದು, ಇನ್ನೊಮ್ಮೆ ವಿಚಾರಿಸಿ. 'ತಪ್ಪು ನಮ್ಮದು' ಎಂಬುದನ್ನು ಮ್ಯಾನೇಜರು ಹೊಡೆದು ಹಾಕಲು ನೋಡಿದನಂತೆ. ಈ ಸಲ ಇವಳು ಸುಮ್ಮನಿರಲಿಲ್ಲ.

ಮುಂದಿನ ವಾರ, ಸಂದರ್ಶನದ ಬುಧವಾರ, ನಾನೂ ಹೋದೆ. ಬೇಡ ಅಜ್ಜಿ ಎಂದಳು, ಕೇಳಲಿಲ್ಲ. ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಕೂತೆ. ಒಂಬತ್ತೂವರೆಯಿಂದ ಜನ ಬರತೊಡಗಿದರು, ಹುಡುಗಿಗೊಬ್ಬ ಅಪ್ಪ, ಇಲ್ಲವೇ ಸೋದರಮಾವ. ಬಂದವರೆಲ್ಲ ಸಂದರ್ಶನ ನಿಜವಾ ಎಂದು ಗೇಟಿನವನನ್ನು ಮೊದಲು ಒಂದು ಸಲ, ಒಳಗೆ ಕಾಲಿಡುವ ಮುಂಚೆ ಇನ್ನೊಂದು ಸಲ ಕೇಳಿದರು. ಅವನಿಗೆ ತಾಳ್ಮೆ ಕೆಡತೊಡಗಿತು. ನಾನು ನೋಡುತ್ತಿದ್ದೆ, ಅದಕ್ಕೆ ಬಾಯಿ ಮುಚ್ಚಿಕೊಂಡು ಪಟ್ಟಿ ತೋರಿಸಿದ.

ಹನ್ನೊಂದರ ಹೊತ್ತಿಗೆ ಒಬ್ಬ ಮನುಷ್ಯ ಒಂಟಿಯಾಗಿ ಬಂದ. ಜೊತೆಗೆ ಹುಡುಗಿ ಇಲ್ಲ. ಪಟ್ಟಿಯಲ್ಲಿ ಮಗಳ ಹೆಸರು ಹುಡುಕಿಸಿದ. ಆಮೇಲೆ ನನ್ನ ಮೊಮ್ಮಗಳ ಹೆಸರು ಹೇಳಿ, ಅವಳನ್ನು ಆಚೆ ಕರೆಸು, ನೋಡಬೇಕು ಎಂದ. ದನಿಯಲ್ಲೇ ಗುರುತು ಸಿಕ್ಕಿತು. ಇವಳು ಬಂದಳು. ಕತ್ತಿನಲ್ಲಿದ್ದ ಐಡಿ ಕಾರ್ಡನ್ನು ಕೈಯಲ್ಲಿ ಹಿಡಿದು ಫೋಟೋ ನೋಡಿದ, ಮುಖ ನೋಡಿದ, ತಿರುಗಿಸಿ ಹಿಂದಿನದನ್ನೂ ಓದಿದ.

"ಹೋದ ವರ್ಷ ನನ್ನ ಮಗಳು ಬಂದಾಗ ಎಲ್ಲಿದ್ದೆ ನೀನು?"

"ಆಗ ನಾನು ಸೇರಿರಲಿಲ್ಲ ಅಣ್ಣ."

"ಫೋನಲ್ಲಿ ನನ್ನ ಬಾಯಿ ಮುಚ್ಚಿಸಿದೋಳು?"

"ಇಲ್ಲೇ ಇದೀನಿ ಕಣಪ್ಪ," ಎಂದೆ. "ಮಗಳೆಲ್ಲಿ?"

"ಬಸ್ ಸ್ಟಾಂಡಲ್ಲಿ, ಅವಳಮ್ಮನ ಜೊತೆ. ನಾನು ನೋಡಿ ಹೇಳೋ ತನಕ ಈ ಗೇಟಿನ ಹತ್ರ ಕಾಲಿಡಲ್ಲ ಅಂದ್ಲು."

ಕ್ಷಮಿಸಿ ಎಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವನ ಜಾಗದಲ್ಲಿದ್ದರೆ ನಾನು ಇನ್ನೂ ಹೆಚ್ಚು ಬೈಯುತ್ತಿದ್ದೆ. ದೂರ ಹೋಗಿ ಫೋನು ಮಾಡಿದ. ಅರ್ಧ ಗಂಟೆಗೆ ಆಟೋದಿಂದ ತಾಯಿ, ಮಗಳು ಇಳಿದರು. ಹುಡುಗಿ ಗೇಟಿನವನ ಮುಖ ನೋಡದೆ ಪುಸ್ತಕದಲ್ಲಿ ಹೆಸರು ಬರೆದು ಒಳಗೆ ಹೋದಳು.

ಎರಡು ದಿನದಲ್ಲಿ ಇಪ್ಪತ್ತಾರು ಜನ ಸೇರಿದರು, ಅವಳೂ ಸೇರಿದಳು. ಮೂವತ್ತು ಆಗಲಿಲ್ಲ. ಉಳಿದ ನಾಲ್ವರಿಗೆ ಹದಿನೈದು ದಿನ ಕೊಟ್ಟು, ಗುತ್ತಿಗೆದಾರನನ್ನು ಸದ್ಯಕ್ಕೆ ಬೇಡವೆಂದರು. ಹುಡುಗಿಯರಿಗೆ ಸಿಹಿ ಹಂಚುವಾಗ ಮ್ಯಾನೇಜರು ಈ ಮೆಸೇಜು ತನ್ನದೇ ಐಡಿಯಾ ಎಂದು ಮೇಲಿನವರ ಮುಂದೆ ಹೇಳಿಕೊಂಡನಂತೆ. ಮೊಮ್ಮಗಳು ನಗುತ್ತಾ ಅದನ್ನು ಹೇಳಿದಳು. ನನಗೆ ನಗು ಬರಲಿಲ್ಲ. ನಾಳೆ ಹೋಗಿ ಅದನ್ನೂ ಕೇಳು ಎಂದೆ.