ಅವ್ವನಿಗೆ ಅಪ್ಪನ ಹೆಸರು ಹಚ್ಚಿದ ಬೀಗತಿ

ಆ ದಿನ ಬೆಳಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ರಷ್ಯಾದಿಂದ ಬೀಗತಿ ಬರುತ್ತಿದ್ದರು! ಬೀಗತಿ ಎನ್ನುವುದೂ ಅವಸರವೇ, ಅವರು ಒಪ್ಪಿದರೆ ತಾನೇ ಮದುವೆ? ಸಾಣಾಪುರದ ಬಂಡೆ ಹತ್ತಲು ಬಂದಿದ್ದ ಹುಡುಗಿ, ಹತ್ತುವುದನ್ನು ಕಲಿಸುತ್ತಿದ್ದ ನನ್ನ ಅಣ್ಣನನ್ನೇ ಮೆಚ್ಚಿದ್ದಳು. ‘ಮೊದಲು ಆ ಮನೆಯವರನ್ನು ನೋಡುತ್ತೇನೆ, ಆಮೇಲೆ ಮಾತು’ ಎಂದಿದ್ದರಂತೆ ಅವಳ ತಾಯಿ.

ಆ ಹುಡುಗಿಯೇ ನನಗೆ ನಾಲ್ಕು ಮಾತು ರಷ್ಯನ್ ಕಲಿಸಿದ್ದಳು. ಹಿರಿಯರು ಎದುರಾದರೆ ಅವರ ಹೆಸರು, ಬೆನ್ನಿಗೇ ಅವರ ಅಪ್ಪನ ಹೆಸರು ಹೇಳಬೇಕು. ಮಗಳಾದರೆ ಅಪ್ಪನ ಹೆಸರಿಗೆ ಒಂದು ಬಾಲ, ಮಗನಾದರೆ ಇನ್ನೊಂದು. ‘ಗಸ್ಪಜಾ’, ಅಂದರೆ ಶ್ರೀಮತಿ, ಎಂದು ಮನೆತನದ ಅಡ್ಡಹೆಸರು ಹಿಡಿದು ಕರೆದರೆ ಅದು ಬ್ಯಾಂಕು, ಕಚೇರಿಯವರ ಮಾತಾಗುತ್ತದೆ. ಎಲ್ಲ ಬಾಯಿಪಾಠ ಮಾಡಿಕೊಂಡಿದ್ದೆ.

ಅಣ್ಣ ಮತ್ತು ಹುಡುಗಿ ಹೊಸಪೇಟೆ ಸ್ಟೇಷನ್ನಿಗೆ ಹೋದ ಮೇಲೆ ಅವ್ವ ಗಂಟುಬಿದ್ದಳು.

“ಹಿರ್ಯಾರನ್ನ ಹೆಸರ ಹಿಡದು ಕರೀತಿಯೇನ? ಹಲ್ಲ ಮುರೀತೀನಿ ನೋಡ! ನಿಮ್ಮಪ್ಪನ ಹೆಸರ ನಾ ಇವತ್ತಿಗೂ ಬಾಯಾಗ ತಂದಿಲ್ಲ. ಅಡ್ಡಹೆಸರ ಹಚ್ಚಿ, ಮರ್ಯಾದಿಂದ ಕರಿ.”

“ಅವರ ಕಡೆ ಹಂಗಲ್ಲಬೇ…”

“ಬಾಯಿ ಮುಚ್ಚ.”

ಕಾರು ಬಂತು. ಬೀಗತಿ ನಗುತ್ತಲೇ ಇಳಿದರು. ಅವ್ವ ಪಕ್ಕದಲ್ಲೇ ನಿಂತು ನನ್ನ ತೋಳು ಚಿವುಟಿದಳು. “ಜ್ದ್ರಾಸ್ತ್ವುಯ್ತೆ, ಗಸ್ಪಜಾ…” ಎಂದು ನಮಸ್ಕಾರದಿಂದ ಶುರುಮಾಡಿ ಅಡ್ಡಹೆಸರು ಹೇಳಿಯೇಬಿಟ್ಟೆ.

ನಗು ಅಲ್ಲೇ ನಿಂತಿತು. ಅವರು ಮಗಳತ್ತ ತಿರುಗಿ ಏನೋ ಅಂದರು. ಹುಡುಗಿ ಸಣ್ಣ ಮುಖ ಮಾಡಿ, ಅಣ್ಣನಿಂದ ಕಲಿತ ಕನ್ನಡದಲ್ಲಿ ನನಗೆ ತಿಳಿಸಿದಳು, ‘ಇವರಿಗೆ ನಾನು ಗಿರಾಕಿಯೇ?’ ಎಂದು ಕೇಳುತ್ತಿದ್ದಾರೆ. ಅಣ್ಣನ ಮುಖ ಸುಣ್ಣದಂತಾಯಿತು.

ನನಗೆ ರೇಗಿಹೋಯಿತು. “ನೋಡಿದಿ? ಅಂಗಡ್ಯಾಗ ಗಿರಾಕಿನ ಕರದಂಗ ಆತು! ಮದವಿ ಮುರದ್ರ ನೀನ ಹೊಣಿ!”

ಅವ್ವ ನನ್ನ ತೋಳು ಬಿಟ್ಟಳು. “ಏನ ಅನಬೇಕಿತ್ತ? ಹೇಳ.”

ಕಿವಿಯಲ್ಲಿ ಹೇಳಿದೆ. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಕೈಮುಗಿದು, ಬೀಗತಿಯ ಹೆಸರನ್ನೂ ಅವರಪ್ಪನ ಹೆಸರನ್ನೂ ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ದಾಟಿದ ಹಾಗೆ ಒಂದೊಂದೇ ಅಕ್ಷರ ದಾಟಿ ಹೇಳಿದಳು. ಕೊನೆಗೆ ತನ್ನದೊಂದು “ರೀ” ಸೇರಿಸಿದಳು. ಅಯ್ಯಯ್ಯೋ, ನನಗೆ ಕುಣಿಯಬೇಕೆನಿಸಿತು!

ಬೀಗತಿ ಬಂದು ಅವ್ವನ ಎರಡೂ ಕೈ ಹಿಡಿದುಕೊಂಡರು. ನಿಮ್ಮ ಹೆಸರೇನು, ನಿಮ್ಮ ತಂದೆಯ ಹೆಸರೇನು ಎಂದು ಕೇಳಿದರು. ಹುಡುಗಿ ಅದನ್ನು ಕನ್ನಡಕ್ಕೆ ತಂದಳು.

ಅವ್ವ ನನ್ನ ಮುಖ ನೋಡಿದಳು. ಈ ಮನೆಗೆ ಬಂದ ಮೇಲೆ ಅವಳಪ್ಪನ ಹೆಸರನ್ನು ಯಾರೂ ಕೇಳಿರಲಿಲ್ಲ. ರೇಷನ್ ಕಾರ್ಡಿನಲ್ಲೂ ಅವಳ ಹೆಸರಿನ ಪಕ್ಕ ಇರುವುದು ಗಂಡನ ಹೆಸರೇ. ಮೆಲ್ಲಗೆ ಹೇಳಿದಳು. ಬೀಗತಿ ಆ ಹೆಸರಿಗೆ ತಮ್ಮ ಕಡೆಯ ಬಾಲ ಹಚ್ಚಿ, ಅವ್ವನ ಹೆಸರಿನ ಜೊತೆ ಜೋಡಿಸಿ, ತುಂಬುದನಿಯಲ್ಲಿ ಕರೆದರು. ಆಮೇಲೆ ಮದುವೆ ಯಾವಾಗ ಇಟ್ಟುಕೊಳ್ಳೋಣ ಎಂದು ಮಗಳಿಂದ ನನ್ನನ್ನು ಕೇಳಿಸಿದರು.

“ಅವ್ವಾ, ಒಪ್ಪ್ಯಾರ! ಮದವಿ ಯಾವಾಗ ಅಂತ ಕೇಳಾಕತ್ತಾರ!” ಎಂದು ಕಿರುಚಿದೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅದು ಇರ್ಲಿ ತಡಿ. ಮೊದ್ಲ ನನ್ನ ಇನ್ನೊಮ್ಮಿ ಹಂಗ ಕರ್ಯಾಕ ಹೇಳ.”