ಹದಿನಾಲ್ಕನೆಯ ಚೌಕ

ಮತದಾರರ ಪಟ್ಟಿಯ ಫೋಟೋಗಳನ್ನು ಕಂಪ್ಯೂಟರಿಗೆ ಓದಿಸಿ ತಿದ್ದುವುದು ಟೈಪಿಸ್ಟಕ್ಕನ ಹನ್ನೆರಡು ವರ್ಷದ ಕೆಲಸ. ಅಂದು ಒಂದು ಪುಟ ಅವಳನ್ನು ಕೂತಲ್ಲಿಂದ ಏಳಗೊಡಲಿಲ್ಲ. ಒತ್ತೊತ್ತಾಗಿ ಮೂವತ್ತು ಚೌಕಗಳಿದ್ದವು. ಕ್ರಮಸಂಖ್ಯೆ, ಹೆಸರು ಮೂವತ್ತೂ ಬಂದಿದ್ದವು. ವಯಸ್ಸುಗಳು ಮಾತ್ರ ಇಪ್ಪತ್ತೊಂಬತ್ತೇ ಬಂದು, ಕೊನೆಯದು ಖಾಲಿ ಉಳಿದಿತ್ತು. ಒಬ್ಬ ತಾಯಿಗೆ ಇಪ್ಪತ್ತೆರಡು, ಅವಳ ಮಗನಿಗೆ ಅರವತ್ತು!

“ಬಿಡಕ್ಕಾ, ಕೊನೇದಕ್ಕೆ ಏನಾದ್ರೂ ಹಾಕಿ ಕಳ್ಸು,” ಎಂದ ಮೇಲ್ವಿಚಾರಕ.

“ವಯಸ್ಸು ತಪ್ಪಿದೆ ಅಂತ ನಮ್ಮಮ್ಮನ್ನ ಮತಗಟ್ಟೆಯಿಂದ ವಾಪಸ್ ಕಳ್ಸಿದ್ರಪ್ಪಾ!”

ಅವಳು ಚೌಕ ಚೌಕಕ್ಕೂ ಬೆರಳಿಟ್ಟು ನೋಡುತ್ತ ಹೋದಳು. ಹದಿನಾಲ್ಕನೆಯವಳ, ಅಂದರೆ ಆ ತಾಯಿಯ ವಯಸ್ಸು ಕಾಗದದ ಮಡಿಕೆಯಲ್ಲಿ ಮುಚ್ಚಿಹೋಗಿತ್ತು. ಮುಂದಿನ ವಯಸ್ಸುಗಳೆಲ್ಲ ಕಂಪ್ಯೂಟರಿನಲ್ಲಿ ಒಂದೊಂದು ಸಾಲು ಮೇಲೇರಿದ್ದವು. ಅವನ್ನು ಕೆಳಗಿಳಿಸಿ, ತಾಯಿಯ ಜಾಗ ಖಾಲಿ ಬಿಟ್ಟು, ಹೊಸ ಫೋಟೋ ಕೇಳಿದಳು. ಸಂಜೆ ಆ ಫೋಟೋ ಬಂತು: ತಾಯಿಗೆ ನಲವತ್ತೆಂಟು. ಅದನ್ನು ತುಂಬಿದ ಮೇಲೆಯೇ ಟೈಪಿಸ್ಟಕ್ಕ ಎದ್ದು ನೀರು ಕುಡಿದದ್ದು.