ಎಲ್ಲವೂ ದಪ್ಪಕ್ಷರ

ಆ ಭಾನುವಾರ ನಮ್ಮ ಮನೆಯವರು ನಾಗಪುರದ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ವನಭೋಜನದ ಸೂಚನೆ ಬರೆದು, ಎರಡು ಸಲ ಚಹಾ ಕುಡಿದರು. ಸೋಮವಾರ ಅವರು ಏಳಲಿಲ್ಲ.

ಹದಿಮೂರನೆಯ ದಿನದ ಸೂಚನೆಯನ್ನು ನಾನೇ ಬರೆಯಬೇಕಾಯಿತು. ಉಮರೇಡಿನ ಗಣಿಯಲ್ಲಿರುವ ಅವರ ಗೆಳೆಯರು ಹೊತ್ತು ತಪ್ಪಿಸಿಕೊಂಡಾರೆಂಬ ಭಯಕ್ಕೆ ದಿನ, ಸಮಯ, ದಾರಿ ಎಲ್ಲವನ್ನೂ ನಡುವೆ ಸಾಲು ಬಿಡದೆ ಒಂದೇ ಕಂತೆಯಾಗಿ ಬರೆದು, ಪೂರ್ತಿ ಆಯ್ದು ಮೆನುವಿನಿಂದ ದಪ್ಪಕ್ಷರ ಮಾಡಿ ಕಳಿಸಿದೆ. ಫೋನ್ ಬಡಿದುಕೊಳ್ಳತೊಡಗಿತು.

"ಅಕ್ಕಾರ, ಎಷ್ಟಕ್ಕ ಬರೂದ್ರಿ? ಎಲ್ಲಿ?" ಎಂದು ಕೇಳಿದವರು ಉಮರೇಡಿನ ಆ ಗೆಳೆಯರೇ.

ನಾದಿನಿ ನನ್ನ ಮೊಬೈಲ್ ಕಸಿದು ನೋಡಿದಳು. "ವೈನಿ, ಇದು ಸೂಚನಾ ಅಲ್ಲ, ಗ್ವಾಡಿ ಕಟ್ಟೀರಿ. ಎಲ್ಲಾರೂ ಒಮ್ಮೆಲೇ ಒದರಿದ್ರ ಯಾರ ಮಾತು ಕೇಳಸ್ತದ?"

ಆಮೇಲೆ ಮನೆಯವರ ಹಳೆಯ ಸೂಚನೆಗಳನ್ನು ತೆರೆದು ನೋಡಿದೆ. ಒಂದು, ಎರಡು, ಮೂರು ಎಂದು ಅಂಕಿ; ಒಂದೊಂದರ ನಡುವೆ ಒಂದು ಖಾಲಿ ಸಾಲು; ಸಮಯ ಮತ್ತು ಸ್ಥಳಕ್ಕೆ ಮಾತ್ರ ಎರಡೂ ಬದಿಗೆ ನಕ್ಷತ್ರದ ಗುರುತು ಹಾಕಿ ಮಾಡಿದ ದಪ್ಪಕ್ಷರ. ಹಾಗೆಯೇ ಬರೆದೆ. ಗುರುತಿಗೂ ಅಕ್ಷರಕ್ಕೂ ನಡುವೆ ಜಾಗ ಬಿಟ್ಟದ್ದರಿಂದ ಮೊದಲು ದಪ್ಪವಾಗಲಿಲ್ಲ. ಜಾಗ ತೆಗೆದ ಮೇಲೆ ಆಯಿತು. ಮೊದಲಿನ ಸೂಚನೆಯನ್ನು ಎಲ್ಲರಿಗೂ ಅಳಿಸಿ ಇದನ್ನು ಕಳಿಸಿದೆ.

ಮತ್ತೆ ಯಾರೂ ಕೇಳಲಿಲ್ಲ. ಉಮರೇಡಿನವರು ಎಲ್ಲರಿಗಿಂತ ಮುಂಚೆ ಬಂದರು.

ಸಂಘದ ಸೂಚನೆಗಳನ್ನು ಈಗ ನಾನೇ ಬರೆಯುತ್ತೇನೆ. ಕಳಿಸುವ ಮುಂಚೆ ಓದಿ ಹೇಳೋಣವೆಂದರೆ ಮನೆಯಲ್ಲಿ ಅವರಿಲ್ಲ.